ಚಿಗವ್ವನ ಹಿಂಡಿ ಅಂಗಡಿಗೆ ಯಾವ ಗೇಟ್‌ವೇ?

ಭಾಗ 1

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪದ ಏನು? "ಆನ್‌ಲೈನ್‌ನಲ್ಲಿ 450 ರೂಪಾಯಿ ಸಾಮಾನು ತಗೊಂಡ್ರ ರೊಕ್ಕ ಹೆಂಗ ಕೊಡ್ತೀರಿ?" ಅಂತ. ನೀವು 64 ಮಂದಿ ವೋಟ್ ಹಾಕಿದ್ರಿ. ಅದು ಸುಮ್ಮನೆ ಟೈಮ್‌ಪಾಸ್‌ಗೆ ಕೇಳಿದ್ದಲ್ಲ. ಯಾಕೆ ಕೇಳಿದೆ ಅಂತ ಈ ಸಿರೀಸ್‌ನಲ್ಲಿ ಹೇಳ್ತೀನಿ.

ನಮ್ಮ ಚಿಗವ್ವ ಶಹಾಪುರದಲ್ಲಿ ಹಿಂಡಿ ಮಾಡಿ ಮಾರ್ತಾಳೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಜೊತೆಗೆ ಖಡಕ್ ರೊಟ್ಟಿ. ಮಲಗಿದ ಬುದ್ಧನ ಗುಡ್ಡ ನೋಡಾಕ ಬಂದವರು ಒಮ್ಮೆ ತಿಂದು, ಊರಿಗೆ ಹೋದ ಮೇಲೆ "ಅಕ್ಕಾ, ಬೆಂಗಳೂರಿಗೆ ಕಳಸ್ತೀರೇನು" ಅಂತ ಫೋನ್ ಮಾಡ್ತಾರೆ. ಹಿಂಗೇ ಶುರುವಾಗಿ ಈಗ ತಿಂಗಳಿಗೆ ಸುಮಾರು 110 ಪಾರ್ಸಲ್ ಆಗ್ಯಾವೆ. ಆರ್ಡರ್ ವಾಟ್ಸಾಪ್‌ನಲ್ಲಿ, ರೊಕ್ಕ ಕ್ಯೂಆರ್ ಕೋಡ್‌ಗೆ, ಪುರಾವೆಗೆ ಸ್ಕ್ರೀನ್‌ಶಾಟ್.

ಆ ಸ್ಕ್ರೀನ್‌ಶಾಟ್‌ನಿಂದಲೇ ಪೆಟ್ಟು ಬಿತ್ತು. ಒಬ್ಬರು 840 ರೂಪಾಯಿ ಆರ್ಡರ್ ಮಾಡಿದ್ರು. ಹಸಿರು ಟಿಕ್ ಇದ್ದ ಸ್ಕ್ರೀನ್‌ಶಾಟ್ ಬಂತು, ಪಾರ್ಸಲ್ ಹೋಯ್ತು. ಮೂರು ದಿನ ಬಿಟ್ಟು ಪಾಸ್‌ಬುಕ್ ನೋಡಿದ್ರೆ 840 ಬಂದೇ ಇಲ್ಲ. ಹಳೇ ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು, ಮೊತ್ತ ತಿದ್ದಿದ್ದರು. ಚಿಗವ್ವ ಬೈಲಿಲ್ಲ, ಅಳಲಿಲ್ಲ. "ಎರಡು ಕೇಜಿ ಶೇಂಗಾ ಹುರದದ್ದು ಹೋತು" ಅಂದಳು, ಅಷ್ಟೇ. ಆದ್ರೆ ಅವತ್ತಿನಿಂದ ಅವಳ ಮಗಳು ದಿನಾ ರಾತ್ರಿ ಕುಂತು ಒಂದೊಂದು ಸ್ಕ್ರೀನ್‌ಶಾಟ್‌ಗೂ ಬ್ಯಾಂಕ್ ಮೆಸೇಜ್ ಹುಡುಕೋದು ಶುರುವಾಯ್ತು. ಅಕಿ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಪರೀಕ್ಷೆ ಹತ್ತಿರ ಬಂದಿತ್ತು.

"ನೀ ಬಿಕಾಂ ಓದ್ತಿಯಲ್ಲ, ಇದಕ್ಕೊಂದು ದಾರಿ ನೋಡು" ಅಂತ ಚಿಗವ್ವ ನನಗೇ ಹಚ್ಚಿದಳು.

ಭಾಗ 2

ಮೊದಲು ಒಂದು ಗೊಂದಲ ಬಿಡಿಸ್ತೀನಿ. ನಾನೂ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗೆಲ್ಲ ಇದನ್ನೇ ಓದ್ತಾ ಕುಂತಿದ್ದೆ.

ನಾವು ಎಲ್ಲಾದಕ್ಕೂ "ಗೇಟ್‌ವೇ" ಅಂತೀವಿ. ಆರ್‌ಬಿಐ ನಿಯಮದ ಪ್ರಕಾರ ಇವು ಎರಡು ಬೇರೆ. ಬರೀ ತಂತ್ರಜ್ಞಾನ ಕೊಟ್ಟು, ರೊಕ್ಕ ಕೈಯಾಗ ಹಿಡಿಯದವರು ಪೇಮೆಂಟ್ ಗೇಟ್‌ವೇ. ಗಿರಾಕಿಯ ರೊಕ್ಕ ತಾವು ಪಡೆದು, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಟ್ಟು, ಆಮೇಲೆ ಅಂಗಡಿಯವರಿಗೆ ಕೊಡುವವರು ಪೇಮೆಂಟ್ ಅಗ್ರಿಗೇಟರ್. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು ಇವೆಲ್ಲ ನಮ್ಮಂಥ ಸಣ್ಣ ಅಂಗಡಿಗೆ ಮಾಡೋದು ಈ ಎರಡನೇ ಕೆಲಸ. ಅಂದ್ರೆ ನಿಮ್ಮ ರೊಕ್ಕ ಒಂದೆರಡು ದಿನ ಅವರ ಹತ್ತಿರ ಇರ್ತದೆ. ಹಂಗಾಗಿ ಅವರಿಗೆ ಆರ್‌ಬಿಐ ಅನುಮತಿ ಬೇಕು, ಅನುಮತಿ ಇದ್ದವರ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲೇ ಅದೆ. ಯಾರೋ ಫೋನ್ ಮಾಡಿ "ಮೇಡಂ, ಒಂದೇ ಪರ್ಸೆಂಟ್" ಅಂದ್ರೆ, ಮೊದಲು ಆ ಪಟ್ಟಿಯಲ್ಲಿ ಕಂಪನಿಯ ನೋಂದಾಯಿತ ಹೆಸರು ಹುಡುಕ್ರಿ. ಬ್ರ್ಯಾಂಡ್ ಹೆಸರು ಬೇರೆ, ಕಂಪನಿ ಹೆಸರು ಬೇರೆ ಇರ್ತದೆ, ಅದನ್ನ ಕರಾರಿನ ಪತ್ರದಲ್ಲಿ ನೋಡಬೇಕು.

ಕ್ಯೂಆರ್‌ಗಿಂತ ಇದರಲ್ಲಿ ಏನು ಲಾಭ? ಪ್ರತಿ ಆರ್ಡರ್‌ಗೂ ಒಂದು ಐಡಿ ಇರ್ತದೆ. ರೊಕ್ಕ ನಿಜವಾಗಿ ಬಂದ್ರೆ ಮಾತ್ರ ಆ ಐಡಿ ಮುಂದೆ captured ಅಂತ ತೋರಿಸ್ತದೆ. ಸ್ಕ್ರೀನ್‌ಶಾಟ್ ಕೇಳೋದೇ ಬೇಡ. ನಮಗೆ ಬೇಕಾಗಿದ್ದು ಇಷ್ಟೇ. ಆದರೆ ಇದಕ್ಕೆ ಬೆಲೆ ಎಷ್ಟು?

ಭಾಗ 3

ಈ ಭಾಗ ಲೆಕ್ಕದ್ದು. ಕಾಸ್ಟ್ ಅಕೌಂಟಿಂಗ್ ಕ್ಲಾಸ್‌ನಲ್ಲಿ ನಿದ್ದೆ ಮಾಡುವವರು ಇಲ್ಲಾದ್ರೂ ಎದ್ದಿರ್ರಿ.

2020ರ ಜನವರಿ 1ರಿಂದ ಯುಪಿಐಗೆ, ರುಪೇ ಡೆಬಿಟ್ ಕಾರ್ಡ್‌ಗೆ ಎಂಡಿಆರ್ ಸೊನ್ನೆ. ಎಂಡಿಆರ್ ಅಂದ್ರೆ ಪಾವತಿ ತಗೊಂಡಿದ್ದಕ್ಕೆ ಅಂಗಡಿಯವರಿಂದ ಬ್ಯಾಂಕು ಕಡೆಯವರು ಹಿಡಿಯೋ ಕಮಿಷನ್. ಇದನ್ನ ಓದಿ ನಾನು "ಚಿಗವ್ವ, ಪುಕ್ಕಟೆ ಅದ" ಅಂತ ಹೇಳಿಬಿಟ್ಟೆ. ತಪ್ಪಾಯ್ತು. ದರಪಟ್ಟಿ ತೆಗೆದು ನೋಡಿದ್ರೆ ಬಹಳ ಕಂಪನಿಗಳು ಎಲ್ಲಾ ಪಾವತಿಗೂ 2% ಹಿಡೀತಾವೆ, ಯುಪಿಐ ಸೇರಿ. ಕೇಳಿದ್ರೆ, "ಅದು ಎಂಡಿಆರ್ ಅಲ್ಲ, ನಮ್ಮ ಪ್ಲಾಟ್‌ಫಾರ್ಮ್ ಶುಲ್ಕ" ಅಂತ ಉತ್ತರ. ಡ್ಯಾಶ್‌ಬೋರ್ಡ್, ಲಿಂಕ್, ರಿಪೋರ್ಟ್ ಕೊಡ್ತೀವಲ್ಲ, ಅದರ ಬಾಡಿಗೆ. ಕಾಯ್ದೆ ಸೊನ್ನೆ ಮಾಡಿದ್ದು ಒಂದನ್ನ, ಬಿಲ್ಲಿನಲ್ಲಿ ಬರೋದು ಇನ್ನೊಂದನ್ನ. ಅದರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ 2% ಅಂದ್ರೆ 2.36%.

ನಮಗೆ ಸಿಕ್ಕ ಕೊಟೇಶನ್ ಮೂರು. ದರಗಳು ಆಗಾಗ ಬದಲಾಗ್ತಾವೆ, ಅದಕ್ಕೇ ಹೆಸರು ಹಾಕದೆ ಒಂದು, ಎರಡು, ಮೂರು ಅಂತ ಕರೀತೀನಿ. ಒಂದನೇದು ಎಲ್ಲಾದಕ್ಕೂ 2%, ಬೇರೆ ಖರ್ಚಿಲ್ಲ. ಎರಡನೇದು 2% ಜೊತೆಗೆ ಪ್ರತಿ ಪಾವತಿಗೆ 3 ರೂಪಾಯಿ. ಮೂರನೇದು ಯುಪಿಐಗೆ ಸೊನ್ನೆ, ಉಳಿದ ಎಲ್ಲಾದಕ್ಕೂ 2.5%, ಆದರೆ ತಿಂಗಳಿಗೆ 250 ರೂಪಾಯಿ ಬಾಡಿಗೆ. ಎಲ್ಲಾದರ ಮೇಲೂ ಜಿಎಸ್‌ಟಿ ಬೇರೆ.

ಈಗ ಚಿಗವ್ವನ ತಿಂಗಳು ಹಾಕ್ರಿ. ಪಾರ್ಸಲ್ ವ್ಯಾಪಾರ 50,000 ರೂಪಾಯಿ, 110 ಆರ್ಡರ್. ನಿಮ್ಮ ಪೋಲ್ ಇಲ್ಲಿ ಕೆಲಸಕ್ಕೆ ಬಂತು: 64ರಲ್ಲಿ 54 ಮಂದಿ ಯುಪಿಐ ಅಂದಿದ್ರಿ, ಅಂದ್ರೆ ಹತ್ತಿರ ಹತ್ತಿರ 84%. ಅದನ್ನೇ ಹಿಡಿದು 42,000 ಯುಪಿಐ, 8,000 ಕಾರ್ಡು ಮತ್ತು ನೆಟ್‌ಬ್ಯಾಂಕಿಂಗ್ ಅಂತ ಇಟ್ಟುಕೊಂಡೆ.

ಒಂದನೇದು: 50,000ಕ್ಕೆ 2% ಅಂದ್ರೆ 1,000, ಜಿಎಸ್‌ಟಿ ಸೇರಿ 1,180.
ಎರಡನೇದು: 1,000 ಮತ್ತು 110 ಸಲ 3 ರೂಪಾಯಿ, ಒಟ್ಟು 1,330. ಜಿಎಸ್‌ಟಿ ಸೇರಿ 1,569.
ಮೂರನೇದು: 8,000ಕ್ಕೆ 2.5% ಅಂದ್ರೆ 200, ಬಾಡಿಗೆ 250, ಒಟ್ಟು 450. ಜಿಎಸ್‌ಟಿ ಸೇರಿ 531.

ಎರಡನೇದರ ಆ "ಬರೀ 3 ರೂಪಾಯಿ" ನೋಡ್ರಿ. ಯಾರಾದ್ರೂ 120 ರೂಪಾಯಿ ಗುರೆಳ್ಳು ಹಿಂಡಿ ಒಂದೇ ತಗೊಂಡ್ರೆ 2.40 ಮತ್ತು 3, ಜಿಎಸ್‌ಟಿ ಸೇರಿ 6.37. ಅಂದ್ರೆ 5%ಗಿಂತ ಜಾಸ್ತಿ ಹೋಯ್ತು. ದೊಡ್ಡ ಬೆಲೆಯ ಸೀರೆ ಮಾರುವವರಿಗೆ ಆ 3 ರೂಪಾಯಿ ಲೆಕ್ಕಕ್ಕೇ ಬರಲ್ಲ. ಹಿಂಡಿ ಮಾರುವವರಿಗೆ ಬರ್ತದೆ.

ಒಂದು ಸಣ್ಣ ಮಾತು: 2,000 ರೂಪಾಯಿ ಒಳಗಿನ ಕಾರ್ಡ್ ಪಾವತಿಯ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಅದೆ, ಅದು ಅಗ್ರಿಗೇಟರ್‌ಗಳಿಗೂ ಅನ್ವಯಿಸ್ತದೆ ಅಂತ 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಹೇಳಿತು. ನಾನು ಲೆಕ್ಕ ಸುಲಭ ಆಗಲಿ ಅಂತ ಎಲ್ಲಾದಕ್ಕೂ ತೆರಿಗೆ ಹಾಕೀನಿ. ನಿಮ್ಮ ಬಿಲ್ ಬಂದಾಗ ಆ ಸಾಲು ನೋಡ್ರಿ.

ಭಾಗ 4

ಕಮೆಂಟ್‌ನಲ್ಲಿ ಒಬ್ಬ ಕ್ಲಾಸ್‌ಮೇಟ್ ಕೇಳಿದ: "ವ್ಯಾಪಾರ ಕಮ್ಮಿ ಆದ್ರೆ ಆ 250 ಬಾಡಿಗೆ ಮೈಮೇಲೆ ಬರಲ್ಲೇನು?" ಸರಿ ಪ್ರಶ್ನೆ. ಬ್ರೇಕ್ ಈವನ್ ತೆಗೆಯೋಣ. ಜಿಎಸ್‌ಟಿ ಎರಡೂ ಕಡೆ ಒಂದೇ, ಬಿಟ್ಟುಬಿಡ್ರಿ. ವ್ಯಾಪಾರ S, ಅದರಲ್ಲಿ 16% ಯುಪಿಐ ಅಲ್ಲದ್ದು.

```
0.02 × S = 250 + (0.025 × 0.16 × S)
0.02 × S = 250 + 0.004 × S
S = 250 / 0.016 = 15,625
```

ತಿಂಗಳಿಗೆ 15,625ಕ್ಕಿಂತ ಕಮ್ಮಿ ವ್ಯಾಪಾರ ಆದ್ರೆ ಒಂದನೇದು ಸೋವಿ, ಜಾಸ್ತಿ ಆದ್ರೆ ಮೂರನೇದು. ಚಿಗವ್ವನ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಕಳೆದ ವರ್ಷದ ಅತಿ ಕಮ್ಮಿ ತಿಂಗಳು 21,000. ಮೂರನೇದಕ್ಕೆ ಭಯ ಇಲ್ಲ.

ಆದ್ರೆ ಈ ಲೆಕ್ಕ ನಿಂತಿರೋದು 84% ಯುಪಿಐ ಮೇಲೆ. ಪೋಲ್ ಹಾಕಿದ್ದು ನನ್ನ ಫಾಲೋವರ್ಸ್‌ಗೆ, ಅಂದ್ರೆ ಇಪ್ಪತ್ತರ ಆಸುಪಾಸಿನ ನಿಮಗೆ. ಹಿಂಡಿ ತರಿಸೋರು ಎಲ್ಲರೂ ನಿಮ್ಮ ವಯಸ್ಸಿನವರಲ್ಲ. ಬೆಂಗಳೂರಿನಲ್ಲಿ ರಿಟೈರ್ ಆದ ಮಾಸ್ತರರೊಬ್ಬರು ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ಮುಟ್ಟಲ್ಲ. ಅದಕ್ಕೆ ಯುಪಿಐ 50% ಅಂತಲೂ ಹಾಕಿ ನೋಡಿದೆ: 25,000ಕ್ಕೆ 2.5% ಅಂದ್ರೆ 625, ಬಾಡಿಗೆ 250, ಜಿಎಸ್‌ಟಿ ಸೇರಿ 1,032. ಆಗಲೂ ಒಂದನೇದರ 1,180ಕ್ಕಿಂತ ಕಮ್ಮಿ. ಹಂಗಾಗಿ ಧೈರ್ಯ ಬಂತು.

ಭಾಗ 5

ಮೂರನೇದನ್ನ ಇನ್ನೇನು ಆರಿಸಿಬಿಟ್ಟೆ ಅನ್ನುವಾಗ ಚಿಗವ್ವ ಒಂದೇ ಪ್ರಶ್ನೆ ಕೇಳಿದಳು. "ರೊಕ್ಕ ನನ್ನ ಕೈಗಿ ಯಾವಾಗ ಬರ್ತದ?"

ಕ್ಯೂಆರ್‌ನಲ್ಲಿ ರೊಕ್ಕ ಆ ಕ್ಷಣಕ್ಕೆ ಬೀಳ್ತದೆ. ಇಲ್ಲಿ ಹಂಗಲ್ಲ. ಒಂದನೇದು T+1, ಮೂರನೇದು T+3. T ಅಂದ್ರೆ ಪಾವತಿ ಆದ ದಿನ, ಮುಂದಿನ ಅಂಕಿ ಕೆಲಸದ ದಿನಗಳದ್ದು. ಈ "ಕೆಲಸದ ದಿನ" ಅನ್ನೋದು ಸಣ್ಣ ಅಕ್ಷರದಲ್ಲಿ ಇರ್ತದೆ. ಶುಕ್ರವಾರದ ಆರ್ಡರ್ T+1ನಲ್ಲಿ ಸೋಮವಾರ ಬರ್ತದೆ, T+3ನಲ್ಲಿ ಬುಧವಾರ. ನಮಗೆ ಕೊಟೇಶನ್ ಕೊಟ್ಟವರಲ್ಲಿ ಶನಿವಾರ, ಭಾನುವಾರ ಎರಡೂ ಲೆಕ್ಕಕ್ಕಿಲ್ಲ.

ಈ ತಡಕ್ಕೂ ಬೆಲೆ ಕಟ್ಟಬಹುದು. ಒಂದನೇದಕ್ಕೆ ಹೋಲಿಸಿದ್ರೆ ಮೂರನೇದರಲ್ಲಿ ಯಾವ ಹೊತ್ತಿಗೂ ಸುಮಾರು 5,000 ರೂಪಾಯಿ ಹೆಚ್ಚಿಗೆ ಸಿಕ್ಕಾಕೊಂಡಿರ್ತದೆ. ಆ 5,000 ಚಿಗವ್ವ ಊರಾಗ ಸಾಲ ತಂದ್ರೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ತಿಂಗಳಿಗೆ 150. ಶುಲ್ಕದಲ್ಲಿ ಉಳಿಯೋದು 1,180ರಲ್ಲಿ 531 ಕಳೆದ್ರೆ 649. ಬಡ್ಡಿ ತೆಗೆದ್ರೂ 499 ಉಳಿತದೆ. ಪುಸ್ತಕದ ಪ್ರಕಾರ ಮೂರನೇದೇ ಗೆದ್ದಿತು.

ನೋಟ್‌ಬುಕ್ ಇನ್ನೊಂದು ಕಥೆ ಹೇಳ್ತಿತ್ತು. ಪಂಚಮಿ ವಾರ. ಉಂಡಿ, ಹಿಂಡಿ ಎಲ್ಲಾ ಸೇರಿ ದಿನಕ್ಕೆ 6,000 ಆರ್ಡರ್. ಗುರುವಾರದಿಂದ ಭಾನುವಾರದ ತನಕ 24,000. ಇದರಲ್ಲಿ ಒಂದು ರೂಪಾಯಿಯೂ ಮಂಗಳವಾರದ ಮುಂಚೆ ಕೈಗೆ ಬರಲ್ಲ. ಚಿಗವ್ವ ವ್ಯಾಪಾರದಲ್ಲಿ ತಿರುಗಿಸೋ ಒಟ್ಟು ರೊಕ್ಕ 18,000. ಶೇಂಗಾ, ಬೆಲ್ಲ ಕೊಡೋ ಅಂಗಡಿಯವರು ಸೋಮವಾರ ಹಳೇ ಬಾಕಿ ಕೊಟ್ರೆ ಮಾತ್ರ ಹೊಸ ಚೀಲ ಇಳಸ್ತಾರೆ. ಅಂದ್ರೆ ವ್ಯಾಪಾರ ಜೋರಾದ ವಾರವೇ ಶೇಂಗಾ ಇಲ್ಲದೆ ಬಾಗಿಲು ಹಾಕಬೇಕು. ಸರಾಸರಿ ಹಿಡಿದು ಮಾಡಿದ ನನ್ನ ಲೆಕ್ಕದಲ್ಲಿ ಇದು ಕಾಣಿಸಿರಲೇ ಇಲ್ಲ. ಚಿಗವ್ವನಿಗೆ ಲೆಕ್ಕ ಹಾಕದೆ ಗೊತ್ತಿತ್ತು.

ಇದಕ್ಕೆ ಉತ್ತರ ಅದೇ ಕರಾರಿನಲ್ಲಿತ್ತು. ಇನ್‌ಸ್ಟಂಟ್ ಸೆಟಲ್‌ಮೆಂಟ್: ಬೇಕಾದ ದಿನ ಒತ್ತಿದ್ರೆ ಅವತ್ತೇ ರೊಕ್ಕ, 0.25% ಜಾಸ್ತಿ. 24,000ಕ್ಕೆ 60, ಜಿಎಸ್‌ಟಿ ಸೇರಿ 70.80. ವರ್ಷದಲ್ಲಿ ಪಂಚಮಿ, ದೀಪಾವಳಿ, ಯುಗಾದಿ, ಹಿಂಗ ಮೂರ್ನಾಕು ಸಲ ಒತ್ತಿದ್ರೆ ಸಾಕು. ಆದ್ರೆ ಇದು ಹೊಸ ಅಂಗಡಿಗೆ ಮೊದಲ ದಿನವೇ ಸಿಗಲ್ಲ, ಕೆಲವು ವಾರದ ವ್ಯವಹಾರ ನೋಡಿ ಕೊಡ್ತಾರೆ. ಹಬ್ಬದ ಎರಡು ತಿಂಗಳು ಮುಂಚೆ ಶುರು ಮಾಡಬೇಕು ಅಂತ ಆಗ ತಿಳೀತು.

ಭಾಗ 6

"ನೂರಕ್ಕೂ ಹೆಚ್ಚು ಪಾವತಿ ವಿಧಾನ" ಅಂತ ಜಾಹೀರಾತು ನೋಡಿರ್ತೀರಿ. ಇಎಂಐ, ಪೇ ಲೇಟರ್, ಹೊರದೇಶದ ಕಾರ್ಡ್. 450 ರೂಪಾಯಿ ಹಿಂಡಿಗೆ ಯಾರು ಇಎಂಐ ಮಾಡ್ತಾರ್ರೀ? ನಮಗೆ ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್ ಸಾಕು, ಅವು ಮೂವರ ಹತ್ತಿರವೂ ಇದ್ದವು. ಉಳಿದವನ್ನ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿದೆ, ದುಬಾರಿ ದರ ಇರೋದೇ ಅಂಥವಕ್ಕೆ.

ಪಟ್ಟಿಯಲ್ಲಿ ಯುಪಿಐ ಇದ್ರೂ ಗಿರಾಕಿಯ ಫೋನ್‌ನಲ್ಲಿ ಅದು ಓಡಬೇಕಲ್ಲ. ಮೊದಲ ವಾರ 31 ಮಂದಿ ಲಿಂಕ್ ತೆರೆದು, 12 ಮಂದಿ ಮಾತ್ರ ಪಾವತಿ ಮಾಡಿದ್ರು. ಡ್ಯಾಶ್‌ಬೋರ್ಡ್‌ನಲ್ಲಿ ಉಳಿದವೆಲ್ಲ created ಅಂತ ನಿಂತಿದ್ದವು. failed ಅಂತ ಬಂದಿದ್ರೆ ಬ್ಯಾಂಕಿನ ಸಮಸ್ಯೆ ಅನ್ನಬಹುದಿತ್ತು. created ಅಂದ್ರೆ ಪುಟದ ತನಕ ಬಂದು, ರೊಕ್ಕ ಕೊಡೋ ಪ್ರಯತ್ನವನ್ನೇ ಮಾಡಿಲ್ಲ.

ನಾನೇ ನನ್ನ ಫೋನ್‌ನಲ್ಲಿ ಬಯೋದಲ್ಲಿನ ಲಿಂಕ್ ಒತ್ತಿದಾಗ ಗೊತ್ತಾಯ್ತು. ಇನ್‌ಸ್ಟಾದ ಒಳಗೇ ಒಂದು ಸಣ್ಣ ಬ್ರೌಸರ್ ತೆರೀತದೆ. ಅಲ್ಲಿಂದ ಫೋನ್‌ಪೇ, ಗೂಗಲ್ ಪೇ ಆ್ಯಪ್‌ಗೆ ಹಾರಬೇಕು, ಹಾರಲ್ಲ. ಬದಲಿಗೆ ಪರದೆ ಮೇಲೆ ಕ್ಯೂಆರ್ ತೋರಿಸ್ತದೆ. ಅದೇ ಫೋನ್‌ನಲ್ಲಿ ಇರೋ ಕ್ಯೂಆರ್‌ನ ಅದೇ ಫೋನ್‌ನಿಂದ ಸ್ಕ್ಯಾನ್ ಮಾಡೋದು ಹೆಂಗ? ಗಿರಾಕಿ ಬೇಸತ್ತು ಹೋಗ್ತಾನೆ. ಈಗ ನಾವು ಬಯೋದಲ್ಲಿ ವಾಟ್ಸಾಪ್ ನಂಬರ್ ಮಾತ್ರ ಇಟ್ಟು, ಆರ್ಡರ್ ಆದ ಮೇಲೆ ಪಾವತಿ ಲಿಂಕ್ ವಾಟ್ಸಾಪ್‌ಗೆ ಕಳಸ್ತೀವಿ. ಅಲ್ಲಿಂದ ಫೋನ್‌ನ ಬ್ರೌಸರ್ ತೆರೆದು ಆ್ಯಪ್‌ಗೆ ಸೀದಾ ಹೋಗ್ತದೆ. ಅದರ ಮುಂದಿನ ವಾರ 28 ಲಿಂಕ್‌ನಲ್ಲಿ 25 captured ಆದವು.

ಭಾಗ 7

ಇದು ಹೇಳಾಕ ನನಗೇ ನಾಚಿಕೆ. ಆದ್ರೂ ಹೇಳ್ತೀನಿ.

ಖಾತೆ ತೆರೆದ ದಿನವೇ ರೊಕ್ಕ ತಗೊಳ್ಳಾಕ ಬಿಟ್ಟರು. ನಾನು ಎಲ್ಲಾ ಮುಗೀತು ಅಂದುಕೊಂಡೆ. ಪೂರ್ತಿ ಕೆವೈಸಿ ಆಗೋ ತನಕ ಬರೋ ರೊಕ್ಕ ಒಳಗೆ ಬರ್ತದೆ, ಹೊರಗೆ ಹೋಗಲ್ಲ ಅನ್ನೋದು ಓದಿರಲಿಲ್ಲ. ಚಿಗವ್ವನ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಅದರ ಮುಂದೆ ಕಾಕಾನ ಹೆಸರು, ಪ್ಯಾನ್‌ನಲ್ಲಿ ತವರುಮನೆ ಅಡ್ಡಹೆಸರು. ಎರಡು ಸಲ ತಿರಸ್ಕಾರ ಆಯ್ತು. ಮೂರನೇ ಸಲ, ಪುಟದಲ್ಲಿ ಅಂಗಡಿಯ ವಿಳಾಸ ಮತ್ತು ರೀಫಂಡ್ ನಿಯಮ ಇಲ್ಲ, ಆಹಾರ ಮಾರೋದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಹಾಕ್ರಿ ಅಂತ ಬಂತು. ಅಷ್ಟರಲ್ಲಿ 7,280 ರೂಪಾಯಿ ಒಂಬತ್ತು ದಿನ ಸಿಕ್ಕಾಕೊಂಡಿತ್ತು. ಪಾರ್ಸಲ್ ಎಲ್ಲಾ ಹೋಗಿದ್ದವು. ಚಿಗವ್ವ ಕಿವಿಯೋಲೆ ಅಡ ಇಡ್ತೀನಿ ಅಂದಾಗ ಅವ್ವ ತಡೆದು, ಸಂಘದ ರೊಕ್ಕ ತಂದುಕೊಟ್ಟಳು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನೀವು ಯಾರಿಗಾದ್ರೂ ಇದನ್ನ ಮಾಡಿಕೊಡೋದಿದ್ರೆ, ಮೊದಲು ಮನೆಯವರಿಂದಲೇ 10 ರೂಪಾಯಿ ಪಾವತಿ ಮಾಡಿಸ್ರಿ. ಅದು ಬ್ಯಾಂಕ್ ಖಾತೆಗೆ ಬಂದು ಬೀಳೋ ತನಕ ಗಿರಾಕಿಗೆ ಲಿಂಕ್ ಕೊಡಬ್ಯಾಡ್ರಿ. ಬಿದ್ದಾಗ ಎಷ್ಟು ಕಡಿತ ಆಗಿ ಬಿತ್ತು ಅಂತಲೂ ನೋಡ್ರಿ, ಕರಾರಿನ ದರ ನಿಜವೇನು ಅಂತ ಅಲ್ಲೇ ತಿಳೀತದೆ.

ಇನ್ನೊಂದು: ಸೆಟಲ್‌ಮೆಂಟ್ ಒಟ್ಟಾಗಿ ಬರ್ತದೆ. ಪಾಸ್‌ಬುಕ್‌ನಲ್ಲಿ 3,412.86 ಅಂತ ಒಂದೇ ಸಾಲು ಕಂಡು ಚಿಗವ್ವ, "ಇದು ಯಾರ್ದು?" ಅಂದಳು. ಎಂಟು ಆರ್ಡರ್, ಅದರಲ್ಲಿ ಶುಲ್ಕ ಕಡಿತ, ಒಂದು ರೀಫಂಡೂ ಅದರಲ್ಲೇ ಕಳೆದಿತ್ತು. ರೀಫಂಡ್ ಮಾಡಿದ್ರೆ ಮೊದಲು ಹಿಡಿದ ಶುಲ್ಕ ನಮಗೆ ವಾಪಸ್ ಬರಲಿಲ್ಲ. ಸೆಟಲ್‌ಮೆಂಟ್ ರಿಪೋರ್ಟ್‌ನಲ್ಲಿ ಯುಟಿಆರ್ ನಂಬರ್ ಇರ್ತದೆ, ಅದನ್ನ ಪಾಸ್‌ಬುಕ್ ಸಾಲಿನ ಜೊತೆ ಹೊಂದಿಸಬೇಕು. ಈಗ ಅಕಿಯ ರಾತ್ರಿ ಕೆಲಸ ವಾರಕ್ಕೆ ಒಂದು ಸಲ ಅರ್ಧ ಗಂಟೆಗೆ ಇಳಿದದೆ.

ಗಿರಾಕಿ "ರೊಕ್ಕ ಕಟ್ ಆಗ್ಯದ, ಆರ್ಡರ್ ಆಗಿಲ್ಲ" ಅಂದ್ರೆ ಗಾಬರಿ ಬೀಳಬ್ಯಾಡ್ರಿ, ನಿಮ್ಮ ಜೇಬಿನಿಂದ ಕೊಡಲೂಬ್ಯಾಡ್ರಿ. 2019ರ ಆರ್‌ಬಿಐ ಸುತ್ತೋಲೆ ಪ್ರಕಾರ ಇಂಥದ್ದು T+5 ದಿನದೊಳಗೆ ತಾನೇ ವಾಪಸ್ ಆಗಬೇಕು, ಆಗದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಗಿರಾಕಿಗೆ ಬರಬೇಕು. ಆ ಮಾತನ್ನ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟುಕೊಂಡೀವಿ, ಕೇಳಿದವರಿಗೆ ಕಳಸ್ತೀವಿ.

ಭಾಗ 8

ಕೊನೇ ಭಾಗ, ಡಿಎಂನಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಪ್ರಶ್ನೆ: "ಇದನ್ನ ಹಾಕಿಸಿದ್ರೆ ಟ್ಯಾಕ್ಸ್ ನೋಟಿಸ್ ಬರಲ್ಲೇನು?"

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದವು. ಆ ಸುದ್ದಿ ನೋಡಿ ಚಿಗವ್ವನೂ ಎರಡು ದಿನ ಕ್ಯೂಆರ್ ಮೇಲೆ ಬಟ್ಟೆ ಹಾಕಿದ್ದಳು. ಖರೇ ಹೇಳಬೇಕಂದ್ರೆ ಅಂಗಡಿ ಕ್ಯೂಆರ್ ಆಗಲಿ, ಗೇಟ್‌ವೇ ಆಗಲಿ, ಎರಡರ ಲೆಕ್ಕವೂ ಕಾಣಿಸ್ತದೆ. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಚಿಗವ್ವನದು ಪಾರ್ಸಲ್ 6 ಲಕ್ಷ, ಅಂಗಡಿಯಲ್ಲಿ 5 ಲಕ್ಷ. ಮಿತಿ ಬಹಳ ದೂರ.

ನಮ್ಮನ್ನ ಹಿಡಿಯೋದು ಬೇರೆ ನಿಯಮ. ತೆರಿಗೆ ಬೀಳೋ ಸಾಮಾನನ್ನ ಬೇರೆ ರಾಜ್ಯಕ್ಕೆ ಮಾರಿದ್ರೆ, ವ್ಯಾಪಾರ ಎಷ್ಟೇ ಸಣ್ಣದಿದ್ರೂ ನೋಂದಣಿ ಕಡ್ಡಾಯ. ಸಿಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್, ನಮ್ಮ ಸಿಲೆಬಸ್‌ನಲ್ಲೂ ಅದೆ, ಪರೀಕ್ಷೆಗೆ ಬರೆದು ಮರೆತಿದ್ದೆ. ಯಾದಗಿರಿಯಿಂದ ರೈಲು ಹತ್ತಿದ್ರೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ, ಗಿರಾಕಿಯೂ ಅಲ್ಲಿ ಜಾಸ್ತಿ. ಆದ್ರೂ ಈಗ ಪಾವತಿ ಲಿಂಕ್ ಕಳಿಸೋ ಮುಂಚೆ ಪಿನ್‌ಕೋಡ್ ಕೇಳ್ತೀವಿ. ಹೈದರಾಬಾದ್, ಪುಣೆ ಆದ್ರೆ ಸದ್ಯ ಇಲ್ಲ ಅಂತ ಹೇಳ್ತೀವಿ. ಕಾಂಪೋಸಿಷನ್ ಸ್ಕೀಮ್‌ಗೆ ಹೋಗೋಣ ಅಂದ್ರೆ ಅದರಲ್ಲೂ ಬೇರೆ ರಾಜ್ಯಕ್ಕೆ ಮಾರಂಗಿಲ್ಲ. ಪೂರ್ತಿ ನೋಂದಣಿಯೇ ಆಗಬೇಕು, ರಿಟರ್ನ್ ಹಾಕಬೇಕು.

ಮೂರನೇದರಲ್ಲಿ ನಮ್ಮ ಮೊದಲ ಪೂರ್ತಿ ತಿಂಗಳ ಬಿಲ್ 574 ರೂಪಾಯಿ ಬಂತು. ನಾನು ಹೇಳಿದ್ದು 531. ಯುಪಿಐ 84% ಅಲ್ಲ, ಸ್ವಲ್ಪ ಕಮ್ಮಿ ಇತ್ತು. ಮಾಸ್ತರರಂಥವರು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಚಿಗವ್ವ ಆ 43 ರೂಪಾಯಿ ವ್ಯತ್ಯಾಸವನ್ನ ನೋಟ್‌ಬುಕ್‌ನಲ್ಲಿ ನನ್ನ ಹೆಸರಿನ ಮುಂದೆ ಬರೆದು ಇಟ್ಟಾಳೆ. ಹೈದರಾಬಾದ್‌ನವರ ಹೆಸರೂ ಅದರ ಹಿಂದಿನ ಪುಟದಲ್ಲಿ ಬರೆದು ಇಡ್ತಾಳೆ, ಇಲ್ಲಿಗೆ 17 ಆದವು. "ಇನ್ನೂ ಹತ್ತು ಮಂದಿ ಆಗಲಿ, ಆಮ್ಯಾಗ ಆ ನಂಬರ್ ಮಾಡಸೂಣು" ಅಂತಾಳೆ.